ಪದಪಟ್ಟಿ ಬರೆಯಬೇಕಾದವರು ನಾವು, ದಲಾಲನಲ್ಲ!

ಕನ್ನಡದ ತರುಣರೇ, ವಿದೇಶಿ ಖರೀದಿದಾರ ಬರುತ್ತಾನೆ ಅಂದರೆ ನಮ್ಮವರು ಮಾಡುವ ಮೊದಲ ಕೆಲಸ ಯಾವುದು? ಇಂಗ್ಲಿಷ್ ಬಲ್ಲ ದಲಾಲನೊಬ್ಬನನ್ನು ಹಿಡಿದು ತಂದು ಪಕ್ಕದಲ್ಲಿ ಕೂರಿಸಿಕೊಳ್ಳುವುದು! ಮಾಲು ನಮ್ಮದು, ಮಾತು ಅವನದು. ನಷ್ಟ ಬಂದಾಗ ಮಾತ್ರ ಅದು ಮತ್ತೆ ನಮ್ಮದು!

ನೀಲಗುಂದದ ನಾಲ್ವರು ಹುಡುಗರು ಸೇರಿ, ತುಂಗಭದ್ರೆಯ ಆಚೆಗಿನ ಬ್ಯಾಡಗಿ ಮಾರುಕಟ್ಟೆಯಿಂದ ಮೆಣಸಿನಕಾಯಿ ಕೊಂಡು ಹೊರದೇಶಕ್ಕೆ ಕಳಿಸಲು ಹೊರಟರು ಎಂದಿಟ್ಟುಕೊಳ್ಳಿ. ಇವರು "ಒಣಗಿದ ಕಾಯಿ" ಅನ್ನುತ್ತಾರೆ, ದಲಾಲ "ಡ್ರೈ" ಅನ್ನುತ್ತಾನೆ. ಎರಡೂ ಕಡೆ ತಲೆ ಅಲ್ಲಾಡುತ್ತದೆ. ನಮ್ಮವರಿಗೆ ಒಣಗಿದ್ದು ಎಂದರೆ ಕೈಗೆ ಸಿಕ್ಕ ಅಂದಾಜು. ಅವನಿಗೆ ಅದು ನೂರಕ್ಕೆ ಇಷ್ಟು ತೇವಾಂಶ ಎಂಬ ಅಂಕಿ. 10,000 ಕಿಲೋ ಕಾಯಿಯಲ್ಲಿ ಶೇಕಡಾ 14 ತೇವ ಇದ್ದರೆ ನೀರು ಕಳೆದು ಉಳಿಯುವುದು 8,600 ಕಿಲೋ. ಅವನು ಶೇಕಡಾ 11 ಬೇಕೆಂದರೆ ಮತ್ತೆ ಒಣಗಿಸಬೇಕು. ಆಗ ಅದೇ ರಾಶಿ ಸುಮಾರು 9,663 ಕಿಲೋಗೆ ಇಳಿಯುತ್ತದೆ. 337 ಕಿಲೋ ಗಾಳಿಗೆ ಹೋಯಿತು! ದರ ಮಾತಾಡಿದ ಮೇಲೆ ಇದು ತಿಳಿದರೆ ಯಾರನ್ನು ಕೇಳುತ್ತೀರಿ? ಒಣಗಿಸದೆ ಕಳಿಸಿದರೆ ಹಡಗಿನಲ್ಲಿ ಬೂಷ್ಟು ಹಿಡಿಯುತ್ತದೆ.

"ಬಣ್ಣ" ಇನ್ನೂ ಮೋಸದ ಪದ. ಮಂಡಿಯಲ್ಲಿ ಬಣ್ಣ ಕಣ್ಣಿನ ಮಾತು. ಅವನಿಗೆ ಅದು 'ಆಸ್ಟಾ' ಅಂಕಿ, ಅಂದರೆ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ವಿಧಾನದಲ್ಲಿ, ಪುಡಿಯ ಬಣ್ಣವನ್ನು ಅಸಿಟೋನಿಗೆ ಇಳಿಸಿ ಯಂತ್ರದಿಂದ ಅಳೆದದ್ದು. ಈ ಅಂಕಿ ದಾಸ್ತಾನಿನಲ್ಲಿ ಕುಸಿಯುತ್ತದೆ. ಹಾಗಾಗಿ ಲೋಡ್ ಮಾಡುವಾಗಿನ ಅಂಕಿಯೋ, ಅವನ ಬಂದರಿನಲ್ಲಿ ಇಳಿಸಿದಾಗಿನ ಅಂಕಿಯೋ ಎಂಬುದೇ ಜಗಳದ ಮೂಲ.

ಅದಕ್ಕೇ ಮಾತುಕತೆಗೆ ವಾರ ಮೊದಲೇ ಎರಡು ಭಾಷೆಯ ಪದಪಟ್ಟಿ ಹೋಗಬೇಕು. ಮೊದಲ ಕಾಲಮ್ಮಿನಲ್ಲಿ ನಮ್ಮ ಪದ, ಎರಡನೆಯದರಲ್ಲಿ ಅವನ ಪದ, ಮೂರನೆಯದರಲ್ಲಿ ಅಳೆಯುವ ರೀತಿ, ಸ್ಥಳ, ದಿನ. ನಮ್ಮ ಕಾಲಮ್ಮನ್ನು ನಿಘಂಟು ನೋಡಿ ತುಂಬಬೇಡಿ. ಕಾಯಿ ಆರಿಸುವ ಹೆಣ್ಣುಮಕ್ಕಳನ್ನೂ ಹಮಾಲರನ್ನೂ ಕೇಳಿ ತುಂಬಿ. ತೊಟ್ಟು ತೆಗೆದದ್ದೋ, ತೊಟ್ಟು ಇರುವುದೋ, ತೂಕ ಚೀಲ ಸಹಿತವೋ ರಹಿತವೋ, ಎಲ್ಲಾ ಅವರ ಬಾಯಲ್ಲಿದೆ. ಡಬ್ಬಿ, ಕಡ್ಡಿ ಎಂಬ ಹೆಸರುಗಳನ್ನು ಮಾತ್ರ ಅನುವಾದಿಸಲೇ ಬೇಡಿ! ಅವುಗಳ ಎದುರಿಗೆ ವಿವರಣೆ ಬರೆಯಿರಿ, ಮಾದರಿ ಪೊಟ್ಟಣ ಇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದನ್ನು 'ಉದ್ದ ಕೆಂಪು ಮೆಣಸು' ಮಾಡುವುದು ನಮ್ಮ ಹೆಸರನ್ನು ನಾವೇ ಅಳಿಸಿಕೊಂಡ ಹಾಗೆ.

"ಕರಾರು ಇಂಗ್ಲಿಷಿನಲ್ಲೇ ಅಲ್ಲವೇ, ಕನ್ನಡ ಯಾಕೆ?" ಎಂದು ಕೇಳುವ ಜಾಣರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆಯ 13ನೇ ಕಲಮು ಓದಲಿ! ಇಬ್ಬರೂ ಒಂದೇ ವಿಷಯಕ್ಕೆ ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಕರಾರಿನಲ್ಲಿ ಇಂಗ್ಲಿಷ್ ಪಾಠವೇ ಅಂತಿಮ ಎಂದು ಅವನು ಹಟ ಹಿಡಿದರೆ ಹಿಡಿಯಲಿ. ಆದರೆ ಪದಗಳ ಅರ್ಥ ಪದಪಟ್ಟಿಯಲ್ಲಿರುವಂತೆ ಎಂಬ ಒಂದು ಸಾಲು ಸೇರಿಸಿ, ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರ ರುಜು ಹಾಕಿಸಿ, ಕರಾರಿಗೆ ಹೊಲಿಯಿರಿ. ದಲಾಲ ಬೇಕಾದರೆ ಆಮೇಲೆ ಬಂದು ಚಹಾ ಕುಡಿಯಲಿ.