ಹತ್ತು ದಿನಕ್ಕೆ ಎಷ್ಟು ಊರು?

ನನ್ನ ಮಟ್ಟಿಗೆ ಉತ್ತರ ಮೂರು. ಅದಕ್ಕಿಂತ ಹೆಚ್ಚಾದರೆ ನೀವು ಊರು ನೋಡುವುದಿಲ್ಲ, ಬಸ್‌ಸ್ಟ್ಯಾಂಡ್ ನೋಡುತ್ತೀರಿ. ಮೂರು ಊರು ಎಂದರೆ ಮೂರೇ ಊರು ನೋಡಿ ಅಂತಲ್ಲ ಮತ್ತೆ. ಎಷ್ಟಾದರೂ ನೋಡಿ, ಆದರೆ ಮಲಗುವುದು ಮೂರರಲ್ಲಿ. ಎಣಿಸಬೇಕಾದ್ದು ನೋಡುವ ಊರುಗಳನ್ನಲ್ಲ, ಗಂಟು ಕಟ್ಟುವ ಬೆಳಗುಗಳನ್ನು.

ಇದನ್ನು ಬರೆಯಲು ಕಾರಣ, ಬೆಂಗಳೂರಿನ ಗೆಳೆಯನೊಬ್ಬ ಕಳಿಸಿದ ಪಟ್ಟಿ. ಎಪ್ಪತ್ತು ದಾಟಿದ ತಾಯಿಯನ್ನು ಕರೆದುಕೊಂಡು ಹತ್ತು ದಿನ ನಮ್ಮ ಹಾವೇರಿ ಕಡೆ ಬರುತ್ತಾನಂತೆ. ತಾಯಿಯ ತವರು ಹಾನಗಲ್ಲು. ಪಟ್ಟಿಯಲ್ಲಿ ಹಾವೇರಿ, ಸವಣೂರು, ಶಿಗ್ಗಾಂವಿ, ಹಾನಗಲ್ಲು, ಶಿರಸಿ, ಬನವಾಸಿ, ಹಿರೇಕೆರೂರು ಹೀಗೆ ಏಳು ಕಡೆ ವಸತಿ. ಹಾನಗಲ್ಲಿಗೆ ಸಿಕ್ಕಿದ್ದು ಒಂದು ಮಧ್ಯಾಹ್ನ! ಫೋನಿನಲ್ಲಿ ಕೇಳಿದ್ದಕ್ಕೆ, "ಇಷ್ಟು ದೂರ ಬಂದಮೇಲೆ ಎಲ್ಲಾ ನೋಡಿಬಿಡೋಣ ಅಂತ" ಅಂದ. ಹಿಂದಿನಿಂದ ಅವರ ತಾಯಿಯ ದನಿ ಕೇಳಿಸಿತು: "ನನ್ನ ತವರಮನಿ ಊರಾಗ ಮೂರ್ ತಾಸೇನಪಾ?"

ಈಗ ಲೆಕ್ಕಕ್ಕೆ ಬರೋಣ.

ನಕ್ಷೆಯಲ್ಲಿ ನೋಡಿದರೆ ಈ ಊರುಗಳೆಲ್ಲ ಒಂದಕ್ಕೊಂದು ಹತ್ತಿರ. ಹಾವೇರಿಯಿಂದ ಸವಣೂರು, ಶಿಗ್ಗಾಂವಿ, ಹಾನಗಲ್ಲು, ಯಾವ ಕಡೆ ಹೋದರೂ ಹೆಚ್ಚುಕಡಿಮೆ ಒಂದು ತಾಸಿನ ದಾರಿ. ಮೋಸ ಆಗುವುದೇ ಇಲ್ಲಿ. ಒಂದು ತಾಸಿನ ದಾರಿ ಎಂದರೆ ಊರು ಬದಲಿಸಲು ಒಂದು ತಾಸು ಸಾಕು ಅಂತ ಅಲ್ಲ. ಬೆಳಿಗ್ಗೆ ಎದ್ದು ಒಣಹಾಕಿದ ಬಟ್ಟೆ ತೆಗೆದು ಚೀಲ ತುಂಬಬೇಕು, ಲಾಡ್ಜಿನ ಬಿಲ್ ಕೊಡಬೇಕು, ಆಟೋ ಹಿಡಿಯಬೇಕು, ಬಸ್ಸಿಗೆ ಕಾಯಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿ ದಾರಿಯ ಬಸ್ಸುಗಳು ತುಂಬಿಯೇ ಬರುತ್ತವೆ. ಕೈಯಲ್ಲಿ ಎರಡು ಸೂಟ್‌ಕೇಸು, ಜೊತೆಗೆ ವಯಸ್ಸಾದವರು ಇದ್ದರೆ ಮೊದಲ ಬಸ್ಸು ಬಿಟ್ಟು ಎರಡನೆಯದನ್ನೇ ಹತ್ತಬೇಕಾಗುತ್ತದೆ. ಇಳಿದ ಮೇಲೆ ಮತ್ತೆ ರೂಮು, ಸ್ನಾನ, ಊಟ. ಒಂಬತ್ತಕ್ಕೆ ಶುರುವಾದದ್ದು ಮುಗಿಯುವಾಗ ಎರಡು ಗಂಟೆ. ಅಷ್ಟರಲ್ಲಿ ಪೂಜೆ ನಡೆಯುವ ಎಷ್ಟೋ ಗುಡಿಗಳ ಬಾಗಿಲು ಹಾಕಿರುತ್ತದೆ, ಹೊರಗೆ ಬಿಸಿಲು ಸುಡುತ್ತಿರುತ್ತದೆ. ಹೋದದ್ದು ಅರ್ಧ ದಿನ, ಅದೂ ದಿನದ ಒಳ್ಳೆಯ ಅರ್ಧ.

ಏಳು ವಸತಿ ಎಂದರೆ ಆರು ಸಲ ಬದಲಾವಣೆ, ಅಂದರೆ ಆರು ಅರ್ಧ ದಿನ, ಒಟ್ಟು ಮೂರು ದಿನ. ಬರುವ ದಿನ, ಹೋಗುವ ದಿನದ ಸುಸ್ತಿಗೆ ಇನ್ನೊಂದು ದಿನ ತೆಗೆಯಿರಿ. ಹತ್ತರಲ್ಲಿ ಉಳಿದದ್ದು ಆರು. ಅದರಲ್ಲೂ ಮೂರು ದಿನದಷ್ಟು ತುಂಡು ಮಧ್ಯಾಹ್ನಗಳು! ಮೂರೇ ವಸತಿ ಇಟ್ಟುಕೊಂಡರೆ ಬದಲಾವಣೆಗೆ ಹೋಗುವುದು ಒಂದೇ ದಿನ, ಕೈಗೆ ಎಂಟು ದಿನ ಸಿಗುತ್ತದೆ.

ಹಾಗಾದರೆ ಎಲ್ಲಿ ಮಲಗಬೇಕು, ಎಲ್ಲಿಗೆ ಹೋಗಿ ವಾಪಸ್ ಬರಬೇಕು? ನನ್ನದು ಒಂದು ಸರಳ ನಿಯಮ. ಒಂದು ಕಡೆಯ ದಾರಿ ಒಂದೂವರೆ ತಾಸಿನೊಳಗಿದ್ದರೆ ಹೋಗಿ ಬನ್ನಿ, ಅದಕ್ಕಿಂತ ಹೆಚ್ಚಾದರೆ ಅಲ್ಲೇ ಮಲಗಿ. ಮಲಗುವುದಾದರೆ ಕನಿಷ್ಠ ಎರಡು ರಾತ್ರಿ. ಒಂದೇ ರಾತ್ರಿಯ ವಸತಿ ಇದ್ದಷ್ಟು ದಂಡ ಇನ್ನೊಂದಿಲ್ಲ, ಮಧ್ಯಾಹ್ನ ಮುಟ್ಟಿ ಬೆಳಿಗ್ಗೆ ಬಿಡುವುದರಲ್ಲಿ ಆ ಊರಿನ ಒಂದು ಪೂರ್ತಿ ದಿನವೂ ನಿಮಗೆ ಸಿಗುವುದಿಲ್ಲ.

ಗೆಳೆಯನಿಗೆ ನಾನು ಬರೆದುಕೊಟ್ಟ ಪಟ್ಟಿ ಇದು. ಹಾವೇರಿಯಲ್ಲಿ ನಾಲ್ಕು ರಾತ್ರಿ. ರೈಲು ಇಳಿಯುವುದೂ ಅಲ್ಲೇ, ಜಿಲ್ಲಾ ಕೇಂದ್ರ ಆದ್ದರಿಂದ ಎಲ್ಲ ಕಡೆಗೆ ಬಸ್ಸೂ ಅಲ್ಲಿಂದಲೇ. ಮೊದಲ ದಿನ ವಿಶ್ರಾಂತಿ, ಸಂಜೆ ಸಿದ್ಧೇಶ್ವರ ಗುಡಿ. ಎರಡನೇ ದಿನ ಸವಣೂರು: ದೊಡ್ಡಹುಣಸೆ ಮಠದ ಆ ದೈತ್ಯ ಮರಗಳು, ಸತ್ಯಬೋಧ ಸ್ವಾಮಿಗಳ ಬೃಂದಾವನ, ಬರುವಾಗ ಒಂದು ಪೊಟ್ಟಣ ಸವಣೂರು ಖಾರ. ಮೂರನೇ ದಿನ ಶಿಗ್ಗಾಂವಿ ತಾಲೂಕಿನ ಬಂಕಾಪುರ ಮತ್ತು ಬಾಡ. ಕೋಟೆಯೊಳಗಿನ ಕಂಬಗಳ ನಗರೇಶ್ವರ ಗುಡಿ, ನವಿಲುಗಳು, ಆಮೇಲೆ ಕನಕದಾಸರ ಊರು. ನವಿಲು ನೋಡಬೇಕೆಂದರೆ ಬೆಳಗಿನ ಹೊತ್ತಿಗೇ ಹೋಗಬೇಕು, ಮಧ್ಯಾಹ್ನ ಹೋದರೆ ಕೂಗು ಕೇಳಿದರೂ ಪುಣ್ಯ. ನಾಲ್ಕನೇ ದಿನ ಶರೀಫರ ಶಿಶುನಾಳ. ಇದು ಮಾತ್ರ ನನ್ನ ಒಂದೂವರೆ ತಾಸಿನ ಗೆರೆ ದಾಟಬಹುದು, ಹಾಗಾಗಿ ಅವತ್ತು ಬೇರೇನೂ ಇಟ್ಟುಕೊಳ್ಳಬೇಡ ಎಂದಿದ್ದೇನೆ. ನಾಲ್ಕು ದಿನವೂ ಸಾಮಾನು ರೂಮಿನಲ್ಲೇ, ಕೈಯಲ್ಲಿ ನೀರಿನ ಬಾಟಲಿ ಮತ್ತು ಕೊಡೆ ಅಷ್ಟೇ.

ಆಮೇಲೆ ಹಾನಗಲ್ಲಿನಲ್ಲಿ ಮೂರು ರಾತ್ರಿ. ಹಾವೇರಿಯಿಂದ ಹೋಗಿ ಬರಬಹುದಾದ ಊರೇ ಅದು, ನನ್ನ ನಿಯಮದ ಪ್ರಕಾರ ಅಲ್ಲಿ ವಸತಿ ಬೇಕಾಗಿಲ್ಲ. ಆದರೆ ಈ ಪ್ರವಾಸ ಯಾರಿಗಾಗಿ? ತಾಯಿಗೆ ಓಣಿ ಹುಡುಕಬೇಕು, ಹಳೆಯ ಮನೆ ಮುಂದೆ ನಿಲ್ಲಬೇಕು, ಯಾರೋ ಗುರುತು ಹಿಡಿದು "ಒಳಗ ಬರ್ರಿ, ಚಾ ಕುಡದ ಹೋಗ್ರಿ" ಅನ್ನಬೇಕು. ಇದಕ್ಕೆ ವೇಳಾಪಟ್ಟಿ ಹಾಕಲು ಬರುವುದಿಲ್ಲ. ಮೊದಲ ದಿನ ಸಿಗದವರು ಎರಡನೇ ದಿನ ಸಿಗುತ್ತಾರೆ. ತಾರಕೇಶ್ವರ ಗುಡಿಯದೂ ಹಾಗೇ. ಹೊರಗಿನ ಬೆಳಕಿನಿಂದ ಒಳಗೆ ಹೋದವರಿಗೆ ಮೇಲಿನ ಕಲ್ಲಿನ ಕಮಲ ತಕ್ಷಣ ಕಾಣುವುದಿಲ್ಲ, ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. "ಬೇಗ ಬಾ, ಬಸ್ಸಿಗೆ ಹೊತ್ತಾಯ್ತು" ಎನ್ನುವವರು ಜೊತೆಗಿದ್ದರೆ ಆ ಕಮಲ ಅರಳುವುದೇ ಇಲ್ಲ. ಸಂಜೆಗೆ ಆನೆಕೆರೆ ಇದ್ದೇ ಇದೆ.

ಕೊನೆಗೆ ಹಿರೇಕೆರೂರಿನಲ್ಲಿ ಎರಡು ರಾತ್ರಿ. ಇದು ಹಾನಗಲ್ಲಿನಿಂದ ದೂರ, ನೇರ ಬಸ್ಸು ಸಿಗದಿದ್ದರೆ ನಡುವೆ ಇಳಿದು ಹತ್ತಬೇಕು. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ. ಸೋಮೇಶ್ವರ ಗುಡಿಯ, ಸರ್ವಜ್ಞನ ಹೆಸರಿನೊಂದಿಗೆ ಸೇರಿದ ಅಬಲೂರು ಅಲ್ಲಿಗೆ ಹತ್ತಿರ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯೂ ದೂರವಿಲ್ಲ, ಆದರೆ ಒಂದೇ ದಿನಕ್ಕೆ ಎರಡೂ ಎಂದರೆ ಕಾರು ಮಾಡಿಕೊಳ್ಳಬೇಕು. ಹಳ್ಳಿಗಳಿಗೆ ಬಸ್ಸು ಕಡಿಮೆ. ಬಸ್ಸಿನಲ್ಲೇ ಹೋಗುವವರು ಇಳಿಯುವಾಗ ಕಂಡಕ್ಟರನ್ನು ಕೇಳಬೇಕಾದ ಮೊದಲ ಪ್ರಶ್ನೆ "ಗುಡಿ ಎಲ್ಲಿದೆ" ಅಲ್ಲ, "ವಾಪಸ್ ಕೊನೇ ಬಸ್ಸು ಎಷ್ಟಕ್ಕೆ" ಎನ್ನುವುದು.

ಶಿರಸಿ, ಬನವಾಸಿ ಎರಡನ್ನೂ ಹೊಡೆದುಹಾಕಿದೆ. ಗೆಳೆಯ ಬೇಜಾರು ಮಾಡಿಕೊಂಡ. ಸ್ವಂತ ಕಾರಿದ್ದರೆ ಲೆಕ್ಕ ಬೇರೆ ಎಂದು ವಾದ ಮಾಡಿದ. ಸ್ವಲ್ಪ ಬೇರೆ ಹೌದು, ಬಸ್ಸಿಗೆ ಕಾಯುವುದು, ಸಾಮಾನು ಹೊರುವುದು ತಪ್ಪುತ್ತದೆ. ಆದರೆ ಚೀಲ ತುಂಬುವುದು, ರೂಮು ಹುಡುಕುವುದು ತಪ್ಪುವುದಿಲ್ಲ. ಅರ್ಧ ದಿನದ ಬದಲು ಕಾಲು ದಿನ ಹೋಗುತ್ತದೆ ಅಷ್ಟೇ. ಕಾರಿದ್ದವರು ಬೇಕಾದರೆ ನಾಲ್ಕು ಊರು ಇಟ್ಟುಕೊಳ್ಳಲಿ, ಐದು ಬೇಡ.

"ಇಷ್ಟು ದೂರ ಬಂದಮೇಲೆ" ಎನ್ನುವ ಮಾತಿಗೂ ಒಂದು ಉತ್ತರ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಹಾವೇರಿಗೆ ಒಂದು ರಾತ್ರಿಯ ರೈಲು. ಬನವಾಸಿ ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದಿನ ವರ್ಷವೂ ಇರುತ್ತದೆ. ಎಪ್ಪತ್ತು ದಾಟಿದ ತಾಯಿಯ ಜೊತೆ ಅವರ ತವರಿನ ಓಣಿ ಸುತ್ತುವ ದಿನಗಳ ಬಗ್ಗೆ ಹಾಗೆ ಹೇಳಲು ಬರುವುದಿಲ್ಲ.

ನಿಮ್ಮ ಪಟ್ಟಿ ಭಾರವಾಗಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಒಂದು ಹಾಳೆಯಲ್ಲಿ ಒಂಬತ್ತು ಸಾಲು ಎಳೆದು, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಮಾತ್ರ ಬರೆಯಿರಿ. ಏನು ನೋಡುತ್ತೀರಿ ಎನ್ನುವುದು ಬೇಡ. ಒಂದೇ ಸಲ ಬಂದ ಹೆಸರುಗಳನ್ನು ಹೊಡೆದುಹಾಕಿ. ಉಳಿದದ್ದೇ ನಿಮ್ಮ ಪ್ರವಾಸ.

ಗೆಳೆಯ ಇನ್ನೂ ಪೂರ್ತಿ ಒಪ್ಪಿಲ್ಲ. ತಾಯಿ ಮಾತ್ರ ಆಗಲೇ ಒಪ್ಪಿಯಾಗಿದೆ :-) ನೀವೇನಂತೀರಿ?