ಪಾತ್ರೆಯ ಸ್ಟ್ಯಾಂಡೂ ಸನ್ನೆಯ ನಿಯಮವೂ

ಮೈಸೂರಿನ ವಿದ್ಯಾರಣ್ಯಪುರಂನಲ್ಲಿರುವ ನಮ್ಮ ಮನೆಯಲ್ಲಿ ಒಂದು ರಾತ್ರಿ ಊಟ ಮುಗಿದು ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಿಂದ ಭಾರಿ ಸದ್ದು ಕೇಳಿಸಿತು. ಹೋಗಿ ನೋಡಿದರೆ ಸಿಂಕಿನ ಮೇಲೆ ಗೋಡೆಗೆ ಬಿಗಿದಿದ್ದ ತಟ್ಟೆಯ ಸ್ಟ್ಯಾಂಡು ಎರಡು ಸ್ಕ್ರೂಗಳ ಸಮೇತ ಕಿತ್ತುಬಂದು ತಟ್ಟೆ ಲೋಟಗಳೊಡನೆ ನೆಲದ ಮೇಲೆ ಬಿದ್ದಿತ್ತು. ಅರ್ಧ ಗಂಟೆಯ ಹಿಂದೆ ನಮ್ಮ ತಾಯಿಯವರು ಅದರ ಕೆಳಗೇ ನಿಂತು ಪಾತ್ರೆ ತೊಳೆದಿದ್ದರು. “ಸ್ಕ್ರೂ ಸಣ್ಣದಾಯಿತು, ದೊಡ್ಡದು ಹಾಕಿದರಾಯಿತು” ಎಂದು ಮರುದಿನ ಬಂದ ಕೆಲಸಗಾರನು ಹೇಳಿದನು. ಅವನ ಮಾತಿನಲ್ಲಿ ಸ್ವಲ್ಪ ಸತ್ಯವಿತ್ತು. ಆದರೆ ನಿಜವಾದ ದೋಷ ಸ್ಕ್ರೂವಿನಲ್ಲಿರಲಿಲ್ಲ, ಸ್ಟ್ಯಾಂಡಿನ ಆಕಾರದಲ್ಲಿತ್ತು. ಇಂಥ ಸ್ಟ್ಯಾಂಡನ್ನು ಕೊಳ್ಳುವಾಗ ನಾವು ಅದರ ಹೊಳಪನ್ನೂ ಅರೆಗಳ ಸಂಖ್ಯೆಯನ್ನೂ ನೋಡುತ್ತೇವೆ. ಇವೆರಡನ್ನೂ ಬಿಟ್ಟು ಅದರ ಬೆನ್ನಿನ ಎತ್ತರವನ್ನೂ ಕಂಬಿಗಳ ಓಟವನ್ನೂ ನೋಡಬೇಕೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ವಿವರಿಸುತ್ತೇನೆ.

ಬಿದ್ದ ಸ್ಟ್ಯಾಂಡು ಗೋಡೆಯಿಂದ 30 ಸೆಂಟಿಮೀಟರು ಮುಂದಕ್ಕೆ ಚಾಚಿಕೊಂಡಿತ್ತು. ಗೋಡೆಗೆ ತಾಗುವ ಅದರ ಬೆನ್ನುಪಟ್ಟಿಯ ಎತ್ತರ, ಸ್ಕ್ರೂವಿನಿಂದ ಕೆಳ ಅಂಚಿನವರೆಗೆ, ಕೇವಲ 5 ಸೆಂಟಿಮೀಟರು. ಪಾತ್ರೆಗಳೂ ಸ್ಟ್ಯಾಂಡೂ ಸೇರಿ 12 ಕಿಲೋಗ್ರಾಂ ತೂಕವಿದ್ದುವು. ಈ ತೂಕವೆಲ್ಲ ನಡುವೆ, ಅಂದರೆ ಗೋಡೆಯಿಂದ 15 ಸೆಂಟಿಮೀಟರು ದೂರದಲ್ಲಿ, ಕೆಳಮುಖವಾಗಿ ಎಳೆಯುತ್ತಿದೆಯೆಂದು ಭಾವಿಸಬಹುದು. ಇದು ಸನ್ನೆಯೇ ಸರಿ. ಗೋಡೆಗೆ ಒತ್ತಿಕೊಂಡಿರುವ ಕೆಳ ಅಂಚು ಆಧಾರಬಿಂದು. ತೂಕ ಸ್ಟ್ಯಾಂಡನ್ನು ಮುಂದಕ್ಕೆ ಉರುಳಿಸಲು ಯತ್ನಿಸುತ್ತದೆ. ಮೇಲಿನ ಸ್ಕ್ರೂಗಳು ಅದನ್ನು ತಡೆಯುತ್ತವೆ. ತೂಕದ ಪಾಲಿನ ಗುಣಲಬ್ಧ 12 × 15, ಅಂದರೆ 180. ಸ್ಕ್ರೂಗಳ ತೋಳು 5 ಸೆಂಟಿಮೀಟರು ಮಾತ್ರವಾದ್ದರಿಂದ ಅವು 180 ÷ 5, ಎಂದರೆ 36 ಕಿಲೋಗ್ರಾಂ ಭಾರದಷ್ಟು ಎಳೆತವನ್ನು ತಾಳಬೇಕು. ಇರಿಸಿದ್ದು 12, ಕೀಳುವುದು 36! ಪಾತ್ರೆ ಇಡುವಾಗ ಮುಂದಿನ ಅಂಚನ್ನು ಯಾರಾದರೂ 5 ಕಿಲೋಗ್ರಾಂ ಭಾರದಷ್ಟು ಒತ್ತಿದರೆ, ಆ ಒತ್ತಡವೊಂದೇ ಇನ್ನೂ 30 ಕಿಲೋಗ್ರಾಂ ಭಾರದಷ್ಟನ್ನು ಕೂಡಿಸುತ್ತದೆ.

ಈಗ ಅದೇ ತೂಕವನ್ನು 30 ಸೆಂಟಿಮೀಟರು ಎತ್ತರದ ಬೆನ್ನುಳ್ಳ ಸ್ಟ್ಯಾಂಡಿನಲ್ಲಿಡೋಣ. 180ನ್ನು 30ರಿಂದ ಭಾಗಿಸಿದರೆ 6. ಎರಡು ಸ್ಕ್ರೂಗಳಿಗೆ ತಲಾ 3 ಕಿಲೋಗ್ರಾಂ ಭಾರ ಮಾತ್ರ. ಸ್ಕ್ರೂ ಬದಲಾಗಲಿಲ್ಲ, ಗೋಡೆ ಬದಲಾಗಲಿಲ್ಲ. ಎಳೆತ ಮಾತ್ರ ಆರನೆಯ ಒಂದು ಪಾಲಿಗೆ ಇಳಿಯಿತು. ಫಿನ್ಲೆಂಡಿನಲ್ಲಿ ಮಾಯು ಗೆಬ್‌ಹಾರ್ಡ್ ಎಂಬ ಮಹಿಳೆ 1944–45ರಲ್ಲಿ ರೂಪಿಸಿದ, ಸಿಂಕಿನ ಮೇಲೆ ತಳವಿಲ್ಲದೆ ನಿಲ್ಲುವ ತಟ್ಟೆಯ ಕಪಾಟು ಆ ದೇಶದ ಮನೆಮನೆಯಲ್ಲಿಯೂ ಇದೆ. ಕಪಾಟೆಂಬ ಕಾರಣದಿಂದಲೇ ಅದಕ್ಕೆ ಎತ್ತರವಾದ ಬೆನ್ನುಂಟು. ನಮ್ಮ ಅಂಗಡಿಗಳ ತೆಳುಪಟ್ಟಿಯ ಸ್ಟ್ಯಾಂಡುಗಳಿಗೆ ಆ ಅನುಕೂಲವಿಲ್ಲ.

ಇನ್ನು ಗೋಡೆಯ ವಿಷಯ. ಕಿತ್ತುಬಂದ ಪ್ಲಾಸ್ಟಿಕ್ ಪ್ಲಗ್ಗಿನ ಉದ್ದ 30 ಮಿಲಿಮೀಟರು. ಟೈಲ್ಸು ಮತ್ತು ಅದರ ಹಿಂದಿನ ಗಾರೆ ಸೇರಿ 25 ಮಿಲಿಮೀಟರು ದಪ್ಪವಿದ್ದುವು. ಆದುದರಿಂದ ಪ್ಲಗ್ಗು ಇಟ್ಟಿಗೆಯನ್ನು ಹಿಡಿದದ್ದು ತುದಿಯ 5 ಮಿಲಿಮೀಟರಿನಲ್ಲಿ ಮಾತ್ರ. ರಂಧ್ರ ಕೊರೆಯುವಾಗ ಉದುರುವ ಪುಡಿಯನ್ನು ಗಮನಿಸಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಬೂದುಬಣ್ಣದ ಪುಡಿ ಬರುವವರೆಗೆ ಡ್ರಿಲ್ಲು ಗಾರೆಯಲ್ಲಿದೆ. ಕೆಂಪು ಪುಡಿ ಬಂದಾಗ ಇಟ್ಟಿಗೆ ಮುಟ್ಟಿತು. ಕೆಂಪು ಕಂಡ ಮೇಲೆ ಪ್ಲಗ್ಗಿನ ಪೂರ್ಣ ಉದ್ದದಷ್ಟು ಕೊರೆದು, ಪುಡಿಯನ್ನು ಊದಿ ತೆಗೆದು, ಪ್ಲಗ್ಗನ್ನು ಟೈಲ್ಸಿನ ಹಿಂದಕ್ಕೆ ಇಟ್ಟಿಗೆಯೊಳಗೆ ದಾಟಿಸಿ, ಅಷ್ಟು ಆಳಕ್ಕೆ ಮುಟ್ಟುವ ಉದ್ದದ ಸ್ಕ್ರೂ ಹಾಕಬೇಕು. ಹೀಗೆ ಮಾಡಿದರೆ ಪ್ಲಗ್ಗು ಉಬ್ಬುವಾಗ ಟೈಲ್ಸು ಸೀಳುವ ಭಯವೂ ಇಲ್ಲ. ಕೆಂಪು ಪುಡಿ ಬಾರದೆ ಬೂದು ಪುಡಿಯೇ ಮುಂದುವರಿದು ಡ್ರಿಲ್ಲು ಸಲೀಸಾಗಿ ಒಳಹೋದರೆ, ನೀವು ಇಟ್ಟಿಗೆಗಳ ಸಂದಿನಲ್ಲಿದ್ದೀರಿ, ಸ್ಥಳ ಬದಲಿಸಿರಿ. ಒಮ್ಮೆಲೇ ತಡೆ ಮಾಯವಾದರೆ ಅದು ಟೊಳ್ಳು ಬ್ಲಾಕು. ಸಾಮಾನ್ಯ ಪ್ಲಗ್ಗು ಅಲ್ಲಿ ನಿಲ್ಲದು.

ಬೀಳುವ ಮುನ್ನ ಸ್ಟ್ಯಾಂಡು ಸೂಚನೆ ಕೊಡದಿರುವುದಿಲ್ಲ. ಬೆನ್ನುಪಟ್ಟಿಯ ಮೇಲಂಚಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ. ಮೊದಲು ಒಳಹೋಗದ ಕಾಗದದ ಚೂರು ಕೆಲವು ತಿಂಗಳ ನಂತರ ಆ ಸಂದಿನಲ್ಲಿ ತೂರಿದರೆ, ಆ ದಿನವೇ ಪಾತ್ರೆಗಳನ್ನು ಇಳಿಸಬೇಕು.

ತೊಟ್ಟಿಕ್ಕುವ ನೀರಿಗೂ ಒಂದು ನ್ಯಾಯವಿದೆ. ಗಂಜಿಯನ್ನು ನಿಧಾನವಾಗಿ ಬಸಿಯುವಾಗ ಅದು ನೇರವಾಗಿ ಬೀಳದೆ ಪಾತ್ರೆಯ ಹೊರಮೈಯನ್ನೇ ಅಂಟಿಕೊಂಡು ಇಳಿಯುವುದನ್ನು ನೋಡಿದ್ದೀರಷ್ಟೆ. ಕಂಬಿಯ ಕೆಳಗೆ ನೇತಾಡುವ ಹನಿಯೂ ಹಾಗೆಯೇ ಲೋಹವನ್ನು ಅಂಟಿಕೊಂಡು ತಗ್ಗಿನ ಕಡೆಗೆ ಸಾಗುತ್ತದೆ. “ತಟ್ಟೆ ಜಾರಬಾರದು” ಎಂದು ನಮ್ಮ ಸ್ಟ್ಯಾಂಡನ್ನು ಗೋಡೆಯ ಕಡೆಗೆ ಓರೆಯಾಗಿ ಬಿಗಿದಿದ್ದರು. ನೀರೆಲ್ಲ ಗೋಡೆಗೆ ಹರಿದು ಸ್ಕ್ರೂವಿನ ರಂಧ್ರದೊಳಕ್ಕೆ ಹೋಗುತ್ತಿತ್ತು. ಕಿತ್ತುಬಂದ ಕಬ್ಬಿಣದ ಸ್ಕ್ರೂಗಳೆರಡೂ ತುಕ್ಕು ಹಿಡಿದಿದ್ದುವು. ಕಂಬಿಗಳು ಮುಂದಕ್ಕೆ, 30 ಸೆಂಟಿಮೀಟರಿಗೆ 1 ಸೆಂಟಿಮೀಟರಿನಷ್ಟು ಇಳಿದಿರಬೇಕು. ಮುಂದಿನ ಅಂಚು ಸಿಂಕಿನ ಗುಂಡಿಯ ನೇರಕ್ಕೆ ಬರಬೇಕು. ತಟ್ಟೆ ಜಾರದಂತೆ ಮುಂದುಗಡೆ ಎತ್ತರದ ಅಡ್ಡಕಂಬಿಯೊಂದಿದ್ದರೆ ಸಾಕು. ಕಿಟಕಿಯ ಮೇಲಿನ ಸಜ್ಜಾದ ಅಡಿಯಲ್ಲಿ ಗಾರೆಯವರು ಗೀರುವ ಕಾಲುವೆಯ ಉದ್ದೇಶವೂ ಇದೇ: ಮಳೆಯ ನೀರು ಅಡಿಯನ್ನು ಅಂಟಿಕೊಂಡು ಗೋಡೆ ಸೇರದೆ ಅಲ್ಲಿಯೇ ಕಳಚಿ ಬೀಳಲಿ ಎಂಬುದು. ಸ್ಟ್ಯಾಂಡಿನ ಕೆಳಗೆ ತಟ್ಟೆಯಂಥ ಟ್ರೇ ಇಡುವುದು ತಪ್ಪು ಓಟಕ್ಕೆ ಪರಿಹಾರವಲ್ಲ. ಓಟವಿಲ್ಲದ ಟ್ರೇಯಲ್ಲಿ ನೀರು ನಿಂತು ಲೋಳೆ ಕಟ್ಟುತ್ತದೆ.

ತಟ್ಟೆಗಳ ನಡುವಿನ ಅಂತರವೂ ಮುಖ್ಯ. ಮೇಲ್ಮೈ ಕರ್ಷಣದ ಬಲದಿಂದ ನೀರು ಇಕ್ಕಟ್ಟಾದ ಸಂದಿನಲ್ಲಿ ಮೇಲೇರಿ ನಿಲ್ಲುತ್ತದೆ. ಚೊಕ್ಕವಾದ ಎರಡು ತಟ್ಟೆಗಳ ನಡುವೆ 1 ಮಿಲಿಮೀಟರು ಸಂದಿದ್ದರೆ ಸುಮಾರು 15 ಮಿಲಿಮೀಟರು ಎತ್ತರದ ನೀರು ಅಲ್ಲಿಯೇ ಸಿಕ್ಕಿಕೊಳ್ಳಬಲ್ಲದು. ಸಂದು 5 ಮಿಲಿಮೀಟರಾದರೆ ಸುಮಾರು 3 ಮಿಲಿಮೀಟರು ಮಾತ್ರ. ಒಂದೇ ಗೂಡಿಗೆ ಎರಡು ತಟ್ಟೆ ತುರುಕಿದರೆ ಬೆಳಗ್ಗೆಯೂ ಒದ್ದೆ ಏಕಿರುತ್ತದೆಂಬುದು ಈಗ ಸ್ಪಷ್ಟ. ಬಸಿದುಹೋಗುವ ನೀರು ತನ್ನಲ್ಲಿ ಕರಗಿದ ಲವಣವನ್ನೂ ಒಯ್ಯುತ್ತದೆ; ಅಲ್ಲಿಯೇ ನಿಂತು ಆರುವ ನೀರು ಲವಣವನ್ನು ಬಿಟ್ಟು ಹೋಗುತ್ತದೆ. ಕೊಳವೆಬಾವಿಯ ಗಡಸುನೀರಿನ ಮನೆಗಳಲ್ಲಿ ತಟ್ಟೆಯ ಮೇಲೆ ಕಾಣುವ ಬಿಳಿ ಕಲೆ ಇದೇ.

ಬಾಡಿಗೆಮನೆಯಲ್ಲಿ ಟೈಲ್ಸು ಕೊರೆಯಲು ಒಪ್ಪಿಗೆ ದೊರೆಯುವುದಿಲ್ಲವೆಂದು ಕೆಲವರು ಹೇಳಬಹುದು. ಹಾಗಿದ್ದರೆ ಗೋಡೆಯ ಸ್ಟ್ಯಾಂಡಿನ ಆಸೆಯನ್ನೇ ಬಿಟ್ಟು, ಕಟ್ಟೆಯ ಮೇಲೆ ನಿಲ್ಲುವ ಸ್ಟ್ಯಾಂಡನ್ನು ಸಿಂಕಿನ ಕಡೆಗೆ ಓರೆಯಾಗಿರಿಸುವುದು ಲೇಸು. ಅಂಟುಪಟ್ಟಿಯಿಂದ ಗೋಡೆಗೆ ಅಂಟಿಸುವ ಸ್ಟ್ಯಾಂಡಿಗೂ ಸನ್ನೆಯ ನಿಯಮ ರಿಯಾಯಿತಿ ತೋರಿಸುವುದಿಲ್ಲ. ಓದುಗರಾದ ವಿದ್ಯಾರ್ಥಿಗಳು ಇಂದು ರಾತ್ರಿ ಅಳತೆಪಟ್ಟಿಯನ್ನೂ ಒಂದು ಕಾಗದದ ಚೂರನ್ನೂ ಹಿಡಿದು ತಮ್ಮ ಮನೆಯ ಸ್ಟ್ಯಾಂಡಿನ ಬಳಿಗೆ ಹೋಗಲಿ. ಅದರ ಕೆಳಗೆ ದಿನಕ್ಕೆ ಮೂರು ಬಾರಿ ತಲೆಯೊಡ್ಡಿ ನಿಲ್ಲುವವರು ಅವರ ಮನೆಯವರೇ ಅಲ್ಲವೆ?