ಬಾಯಿಮಾತಿನ ಬಾಡಿಗೆ



ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪ್ರದೇಶಗಳಲ್ಲಿ ಮನೆ ಬಾಡಿಗೆ ಕೊಡುವವರಿಗೆ ಒಂದು ವಿಚಿತ್ರವಾದ ಹೆಮ್ಮೆಯಿದೆ. "ನಮ್ಮಲ್ಲಿ ಕಾಗದ-ಪತ್ರ ಏನೂ ಇಲ್ಲರೀ ಸರ್, ಎಲ್ಲಾ ವಿಶ್ವಾಸದ ಮ್ಯಾಲೆ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಬಾಡಿಗೆ ಏರಿಸುವ ದಿನ ಬಂದಾಗ ಈ ವಿಶ್ವಾಸ ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ. ಕಾಗದವಿಲ್ಲದ ವಿಶ್ವಾಸವು ಬಹುಮಟ್ಟಿಗೆ ಒಂದೇ ಕಡೆಯವರಿಗೆ ಅನುಕೂಲವಾಗುತ್ತದೆ. ಬಹುಕಾಲದ ಬಾಡಿಗೆದಾರನಿಗೆ ಲಿಖಿತ ಸೂಚನೆಯಿಲ್ಲದೆ, ಕಾರಣ ಹೇಳದೆ, ಸಮಯ ಕೊಡದೆ ಬಾಡಿಗೆ ಏರಿಸುವುದು ಅನ್ಯಾಯವೆಂದೂ ಅದಕ್ಕೆ 'ಸಂಬಂಧ'ದ ಹೆಸರು ಕೊಡುವುದು ಇನ್ನೂ ದೊಡ್ಡ ಅನ್ಯಾಯವೆಂದೂ ನಾನು ದೃಢವಾಗಿ ನಂಬಿದ್ದೇನೆ.

ನನಗೆ ಗೊತ್ತಿರುವ ಒಂದು ಪ್ರಸಂಗವನ್ನು ಹೆಸರು ಹೇಳದೆ ವಿವರಿಸುತ್ತೇನೆ. ಬನಹಟ್ಟಿಯ ಒಂದು ನೇಕಾರ ಕುಟುಂಬ ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿತ್ತು. ಹಿಂದೆ ಎರಡು ಕೋಣೆ, ಮುಂದೆ ತಗಡಿನ ಛಾವಣಿಯ ಶೆಡ್ಡು, ಶೆಡ್ಡಿನಲ್ಲಿ ಎರಡು ವಿದ್ಯುತ್ ಮಗ್ಗ. 2014ರಲ್ಲಿ ಬಾಡಿಗೆ 4,000 ರೂಪಾಯಿ ಎಂದು ನಿಗದಿಯಾಗಿತ್ತು. ಮನೆಯ ಯಜಮಾನರು ಸಂಕೋಚದವರಾದ್ದರಿಂದ ಹತ್ತು ವರ್ಷ ಒಂದು ರೂಪಾಯಿಯನ್ನೂ ಏರಿಸಲಿಲ್ಲ. 2024ರ ಏಪ್ರಿಲ್ ತಿಂಗಳ ನಡುವೆ ಅವರ ಮಗ ಊರಿಗೆ ಬಂದವನು ಚಹಾ ಕುಡಿಯುತ್ತ ಹೇಳಿದನಂತೆ: "ಮುಂದಿನ ತಿಂಗಳಿಂದ ಹತ್ತು ಸಾವಿರ ಕೊಡ್ರಿ ಕಾಕಾ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ಕೋರಿ." ಕೊಟ್ಟ ಸಮಯ ಹದಿನೈದು ದಿನ, ಹೇಳಿದ ಕಾರಣ "ಈಗ ಎಲ್ಲಾ ಕಡೆ ಹಂಗೇ ಐತಿ" ಎಂಬುದಷ್ಟೇ. ಆ ಮನೆಯ ಹುಡುಗಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು.

ಬೇರೆ ಊರುಗಳಲ್ಲಿರುವ ನನ್ನ ಓದುಗರಿಗೆ ಒಂದು ಮಾತು. ಬರಿಯ ವಾಸದ ಮನೆಯಾದರೆ ಪಾತ್ರೆ-ಹಾಸಿಗೆಗಳನ್ನು ಗಾಡಿಗೆ ಹೇರಿಕೊಂಡು ಹೋಗಬಹುದು. ಮಗ್ಗದ ಮನೆ ಹಾಗಲ್ಲ. ವಿದ್ಯುತ್ ಮಗ್ಗವನ್ನು ನೆಲದ ಅಡಿಪಾಯಕ್ಕೆ ಬಿಗಿದಿರುತ್ತಾರೆ. ಅದನ್ನು ಬಿಚ್ಚಬೇಕು, ಹೊಸ ಜಾಗದಲ್ಲಿ ಅಡಿಪಾಯ ಹಾಕಿ ಅದು ಒಣಗುವವರೆಗೆ ಕಾಯಬೇಕು, ಮಗ್ಗವನ್ನು ಮತ್ತೆ ಕೂಡಿಸಿ ಮಟ್ಟ ನೋಡಬೇಕು. ಹೆಸ್ಕಾಂ ಮೀಟರು ಇರುವುದು ಹಳೆಯ ಕಟ್ಟಡದ ಮೇಲೆ. ಹೊಸ ಕಟ್ಟಡದಲ್ಲಿ ಸಂಪರ್ಕಕ್ಕೆ ಬೇರೆ ಅರ್ಜಿ ಕೊಡಬೇಕು. ಮಗ್ಗದ ಮೇಲಿರುವ ಹಾಸನ್ನು ಅರ್ಧಕ್ಕೆ ಕತ್ತರಿಸಿದರೆ ನಷ್ಟ. ಅಷ್ಟೂ ದಿನ ವಾರದ ಮಜೂರಿ ನಿಂತುಹೋಗುತ್ತದೆ. ಹದಿನೈದು ದಿನದಲ್ಲಿ ಇದಾಗದು ಎಂಬುದು ಆ ಊರಿನಲ್ಲಿ ಹುಟ್ಟಿದ ಮನೆಯೊಡೆಯನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೆಲವು ಶಿಷ್ಯರು ಕೇಳುತ್ತಾರೆ. ನಾನು ವಕೀಲನಲ್ಲ, ಆದರೆ ಓದಿ ತಿಳಿದುಕೊಂಡಿದ್ದೇನೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂದಿತು. ಅದರ ರಕ್ಷಣೆ ಇರುವುದು ಪಟ್ಟಿಯಲ್ಲಿ ಸೇರಿದ ಊರುಗಳ ಕಡಿಮೆ ಬಾಡಿಗೆಯ ಕಟ್ಟಡಗಳಿಗೆ ಮಾತ್ರ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದರೆ ಆ ಕಟ್ಟಡ ಕಾಯ್ದೆಯ ಹೊರಗೆ ಉಳಿಯುತ್ತದೆ. ಆದ್ದರಿಂದ ಇಂದಿನ ಬಹುಪಾಲು ಬಾಡಿಗೆಗಳು 1882ರ ಸ್ವತ್ತು ಹಸ್ತಾಂತರಣ ಕಾಯ್ದೆಯ ಅಡಿಯಲ್ಲಿ ಬರುತ್ತವೆ. ಅದರ 106ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು ಹದಿನೈದು ದಿನಗಳ ಲಿಖಿತ ನೋಟೀಸು ಬೇಕು. ತಯಾರಿಕೆಯ ಉದ್ದೇಶಕ್ಕೆ ಕೊಟ್ಟ ಕಟ್ಟಡವಾದರೆ ಆರು ತಿಂಗಳು ಬೇಕು. ಮಗ್ಗದ ಶೆಡ್ಡಿಗೆ ಆರು ತಿಂಗಳು ಸಿಕ್ಕಿತು ಎಂದು ಹಿಗ್ಗಬೇಡಿ. ನೋಂದಣಿಯಾದ ಪತ್ರವಿಲ್ಲದಿದ್ದರೆ ಅಂಥ ಬಾಡಿಗೆಯೂ ತಿಂಗಳ ಬಾಡಿಗೆಯೇ ಎಂದು ಸುಪ್ರೀಂ ಕೋರ್ಟು 2001ರಲ್ಲಿ ತೀರ್ಪು ಕೊಟ್ಟಿದೆ. 'ವಿಶ್ವಾಸದ ಮ್ಯಾಲೆ' ನಡೆದುಬಂದ ನಮ್ಮ ನೇಕಾರನಿಗೆ ಆ ವಿಶ್ವಾಸವೇ ಐದೂವರೆ ತಿಂಗಳ ರಕ್ಷಣೆಯನ್ನು ಕಳೆಯಿತು!

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಹದಿನೈದು ದಿನಗಳು ಮನೆ ಬಿಡಿಸುವುದಕ್ಕೆ ಸಂಬಂಧಿಸಿದವು, ಬಾಡಿಗೆ ಏರಿಸುವುದಕ್ಕಲ್ಲ. ಏರಿಕೆಯೆಂದರೆ ಹಳೆಯ ಕರಾರಿನ ಬದಲಿಗೆ ಹೊಸ ಕರಾರಿನ ಪ್ರಸ್ತಾಪ. ಅದನ್ನು ಎದುರಿನವನು ಒಪ್ಪಬೇಕು. ಅವನು ಮರ್ಯಾದೆಗೆ ಸುಮ್ಮನೆ ಕುಳಿತಿದ್ದ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ. ಆದ್ದರಿಂದಲೇ ಏರಿಕೆಯ ಪತ್ರದಲ್ಲಿ "ಇಲ್ಲದಿದ್ದರೆ ಮನೆ ಬಿಡಿ" ಎಂಬ ಸಾಲನ್ನು ತುರುಕಬಾರದು. ಬಿಡಿಸಲೇಬೇಕಾದರೆ ಅದು ಬೇರೆ ಪತ್ರ, ಬೇರೆ ದಿನ. ಎರಡನ್ನೂ ಬೆರೆಸಿದವನು ಪತ್ರದ ಹೆಸರಿನಲ್ಲಿ ಬೆದರಿಕೆ ಕಳಿಸುತ್ತಾನೆ. ಕೇಂದ್ರ ಸರಕಾರ 2021ರಲ್ಲಿ ಸಿದ್ಧಪಡಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಏರಿಕೆಗೆ ಮೂರು ತಿಂಗಳ ಲಿಖಿತ ಸೂಚನೆ ಎಂದಿದೆ. ಮಾದರಿ ಎಂಬುದು ರಾಜ್ಯವೊಂದು ಅಂಗೀಕರಿಸಿದಾಗ ಮಾತ್ರ ಕಾನೂನಾಗುತ್ತದೆ ನಿಜ. ಆದರೆ ಮೂರು ತಿಂಗಳು ಎಂಬ ಅಳತೆಯನ್ನು ನಾವಾಗಿಯೇ ಪಾಲಿಸಲು ಯಾರ ಅಪ್ಪಣೆ ಬೇಕು?

ಈಗ ಲೆಕ್ಕಕ್ಕೆ ಬರೋಣ. ಮನೆಯೊಡೆಯರ ಪಕ್ಷವೂ ಬರಿಯ ದುರಾಸೆಯದಲ್ಲ ಎಂದು ಒಪ್ಪುತ್ತೇನೆ. ಹತ್ತು ವರ್ಷ ಒಂದೇ ಬಾಡಿಗೆ ಎಂದರೆ ಅವರಿಗೆ ನಷ್ಟವೇ. ಹಳೆಯ ಬಾಡಿಗೆದಾರನೆಂಬ ಕಾರಣಕ್ಕೆ ಬಾಡಿಗೆ ಎಂದೆಂದಿಗೂ ಏರಬಾರದು ಎಂದು ವಾದಿಸುವ ಬಾಡಿಗೆದಾರರನ್ನೂ ನಾನು ಬಲ್ಲೆ. ಅವರ ಪರವಾಗಿ ಈ ಲೇಖನ ಬರೆಯುತ್ತಿಲ್ಲ. 2014ರ 4,000 ರೂಪಾಯಿ ವರ್ಷಕ್ಕೆ ನೂರಕ್ಕೆ ಐದರಂತೆ ಏರುತ್ತ ಬಂದಿದ್ದರೆ ಹತ್ತು ವರ್ಷದಲ್ಲಿ ಸುಮಾರು 6,500 ಆಗುತ್ತಿತ್ತು. 10,000 ಆಗಬೇಕಾದರೆ ಪ್ರತಿ ವರ್ಷವೂ ನೂರಕ್ಕೆ ಒಂಬತ್ತೂವರೆಗಿಂತ ಹೆಚ್ಚು ಏರಬೇಕಿತ್ತು. ಆ ಹತ್ತು ವರ್ಷಗಳಲ್ಲಿ ಮಗ್ಗದ ಮಜೂರಿ ಆ ವೇಗದಲ್ಲಿ ಏರಿದೆಯೇ ಎಂದು ಬನಹಟ್ಟಿಯ ಯಾವ ನೇಕಾರನನ್ನಾದರೂ ಕೇಳಿ ನೋಡಿ. ಹೀಗಾಗಿ 6,500 ಕೇಳುವುದು ನ್ಯಾಯ. ಆದರೆ ತಾನು ಹತ್ತು ವರ್ಷ ಕೇಳದೆ ಬಿಟ್ಟದ್ದನ್ನು ಒಂದೇ ತಿಂಗಳಲ್ಲಿ ವಸೂಲು ಮಾಡುವುದು ನ್ಯಾಯವಲ್ಲ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು.

ಆ ಮಾಲೀಕರು ನಿಜವಾಗಿಯೂ ಖರ್ಚು ಮಾಡಿದ್ದರು. ಶೆಡ್ಡಿನ ತಗಡು ಬದಲಿಸಲು 84,000 ರೂಪಾಯಿ ಹಾಕಿದ್ದರು. ಹೊಸ ತಗಡು ಕಡಿಮೆಯೆಂದರೂ ಹತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಂಡು 120 ತಿಂಗಳಿಗೆ ಹಂಚಿದರೆ ತಿಂಗಳಿಗೆ 700 ರೂಪಾಯಿ. ಮನೆ ಕರ, ನೀರಿನ ಕರ ಸೇರಿ ವರ್ಷಕ್ಕೆ 3,600 ಹೆಚ್ಚಾಗಿತ್ತು, ಅಂದರೆ ತಿಂಗಳಿಗೆ 300. ಒಟ್ಟು 1,000. ಇಷ್ಟು ಸರಳವಾದ, ರಸೀದಿ ತೋರಿಸಬಹುದಾದ ಕಾರಣ ಕೈಯಲ್ಲಿದ್ದಾಗಲೂ ಆ ಹುಡುಗ "ಎಲ್ಲಾ ಕಡೆ ಹಂಗೇ ಐತಿ" ಎಂದನಲ್ಲ! ರಸೀದಿಯಿಲ್ಲದ ಕಾರಣವನ್ನು ಬಾಡಿಗೆದಾರ ನೆಪವೆಂದೇ ತಿಳಿಯುತ್ತಾನೆ, ಅದು ಅವನ ತಪ್ಪಲ್ಲ.

ಬರೆಯಬೇಕಾಗಿದ್ದ ಪತ್ರ ಇಷ್ಟೇ:

"ದಿನಾಂಕ 1-3-2024. ಶ್ರೀ ... ಅವರಿಗೆ ನಮಸ್ಕಾರಗಳು. ತಾವು ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ವಾಸವಾಗಿದ್ದು, ಬಾಡಿಗೆಯನ್ನು ತಪ್ಪದೆ ಕೊಡುತ್ತ ಬಂದಿದ್ದೀರಿ. 2014ರಿಂದ ಬಾಡಿಗೆ ತಿಂಗಳಿಗೆ 4,000 ರೂ. ಇರುತ್ತದೆ. ಶೆಡ್ಡಿನ ತಗಡಿಗೆ 84,000 ರೂ. ಖರ್ಚಾಗಿದೆ, ಕರವೂ ವರ್ಷಕ್ಕೆ 3,600 ರೂ. ಹೆಚ್ಚಿದೆ, ಎರಡರ ರಸೀದಿಗಳನ್ನೂ ತಾವು ಯಾವಾಗ ಬೇಕಾದರೂ ನೋಡಬಹುದು. ಈ ಕಾರಣದಿಂದ 1-6-2024ರಿಂದ ಬಾಡಿಗೆಯನ್ನು 5,000 ರೂ. ಮಾಡಬೇಕೆಂದಿದ್ದೇವೆ. ಹತ್ತು ವರ್ಷ ಏರಿಕೆಯಾಗಿಲ್ಲದ್ದರಿಂದ 1-6-2025ರಿಂದ 5,750 ರೂ., 1-6-2026ರಿಂದ 6,500 ರೂ. ಆಗಲಿ ಎಂಬುದು ನಮ್ಮ ಅಪೇಕ್ಷೆ. ಮೇ ಕೊನೆಯವರೆಗೆ ಹಳೆಯ ಬಾಡಿಗೆಯೇ ಇರುತ್ತದೆ. ತಮ್ಮ ಡಿಪಾಜಿಟ್ಟಿನಲ್ಲಿ ಬದಲಾವಣೆಯಿಲ್ಲ. ತಮಗೆ ತೊಂದರೆಯಿದ್ದಲ್ಲಿ ಮಾರ್ಚ್ ಕೊನೆಯೊಳಗೆ ತಿಳಿಸಿರಿ, ಕುಳಿತು ಮಾತಾಡೋಣ. ಒಪ್ಪಿಗೆಯಿದ್ದಲ್ಲಿ ಪ್ರತಿಯ ಮೇಲೆ ರುಜು ಮಾಡಿ ಕೊಡಬೇಕಾಗಿ ವಿನಂತಿ."

ಮಾರ್ಚ್ 1ರಂದು ಕೊಟ್ಟು ಜೂನ್ 1ರಿಂದ ಎನ್ನುವುದಕ್ಕೆ ಕಾರಣವಿದೆ. ಒಪ್ಪಿಗೆಯಾಗದಿದ್ದರೆ ಬಾಡಿಗೆದಾರ ಪರೀಕ್ಷೆ ಮುಗಿದ ಮೇಲೆ ಮನೆ ಹುಡುಕಬಹುದು, ಶಾಲೆ ತೆರೆಯುವ ಮುನ್ನ ನೆಲೆಯೂರಬಹುದು. ಅದೇ ಏರಿಕೆಯನ್ನು ಆಗಸ್ಟಿನಲ್ಲಿ ತಂದರೆ ಮಕ್ಕಳ ವರ್ಷ ನಡುವೆ ಮುರಿಯುತ್ತದೆ. ಮುಧೋಳ, ಬೀಳಗಿ ಕಡೆ ಬಾಡಿಗೆದಾರ ಕಬ್ಬಿನ ದುಡ್ಡನ್ನು ನಂಬಿದವನಾದರೆ ಕಾರ್ಖಾನೆಯ ಹಂಗಾಮು ಮುಗಿದು ಬಿಲ್ಲು ಕೈಗೆ ಬರುವ ಕಾಲವನ್ನೂ ನೋಡಬೇಕಾಗುತ್ತದೆ.

ಪತ್ರವನ್ನು ಎರಡು ಪ್ರತಿ ಮಾಡಿ ಮನೆಯೊಡೆಯನೇ ಹೋಗಿ ಕೊಡುವುದು ಉತ್ತಮ. ಒಂದರ ಮೇಲೆ 'ತಲುಪಿದೆ' ಎಂದು ದಿನಾಂಕಸಹಿತ ರುಜು ಪಡೆಯಬೇಕು. ತಲುಪಿದ ರುಜು ಬೇರೆ, ಒಪ್ಪಿದ ರುಜು ಬೇರೆ. ಎರಡನ್ನೂ ಒಂದೇ ಗೆರೆಯಲ್ಲಿ ಹಾಕಿಸಿಕೊಳ್ಳುವ ಜಾಣತನ ಬೇಡ. ಬಾಡಿಗೆದಾರ ಎದುರಿಗೆ ಸಿಗದಿದ್ದರೆ ಅಂಚೆಯಿದೆ. ರಿಜಿಸ್ಟರ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾದ್ದರಿಂದ ಈಗ ಅದರಲ್ಲಿಯೇ ಕಳಿಸಿ ತಲುಪಿದ ದಾಖಲೆ ಇಟ್ಟುಕೊಳ್ಳಬೇಕು. ಆದರೆ ಅದೇ ಓಣಿಯಲ್ಲಿ ಇರುವವನಿಗೆ ಮೊದಲೇ ಅಂಚೆಯಲ್ಲಿ ಕಳಿಸಿದರೆ ಅವನು ವಕೀಲರ ಕಡೆ ಓಡುತ್ತಾನೆ. ನಮ್ಮಲ್ಲಿ ಅಂಚೆಯ ನೋಟೀಸೆಂದರೆ ಕೋರ್ಟೆಂದೇ ಅರ್ಥ.

"ಸರ್, ಹತ್ತೊಂಬತ್ತು ವರ್ಷದ ಸಂಬಂಧ, ಅವರಿಗೆ ನೋಟೀಸು ಕೊಟ್ಟರೆ ಮನಸ್ಸಿಗೆ ಬೇಜಾರಾಗೂದಿಲ್ಲೇನ್ರಿ?" ಎಂದು ಒಬ್ಬ ಶಿಷ್ಯ ಕೇಳಿದ. ಮಗಳ ಮದುವೆಗೆ ಕಾಗದ ಅಚ್ಚು ಹಾಕಿಸಿ ಅಕ್ಷತೆ ಸಮೇತ ಮನೆಗೆ ಹೋಗಿ ಕೊಡುತ್ತೀಯಲ್ಲ, ಸಂಬಂಧಿಕರಿಗೆ ಅದರಿಂದ ಬೇಜಾರಾಗುತ್ತದೆಯೇ ಎಂದು ನಾನು ಕೇಳಿದೆ. ಬೇಜಾರಾಗುವುದು ಕಾಗದದಿಂದಲ್ಲ, ಹದಿನೈದು ದಿನದಿಂದ. ಮೊದಲು ಮಾತಾಡಬೇಡಿ ಎಂದು ನಾನೆಲ್ಲಿ ಹೇಳಿದೆ? ಹೋಗಿ ಕುಳಿತು ಮಾತಾಡಿ, ಅದೇ ಮಾತನ್ನು ಬರೆದು ಕೊಟ್ಟು ಬನ್ನಿ. ಆಡಿದ ಮಾತನ್ನು ಮನೆಯ ಹೆಂಗಸರೂ ಓದುವ ಮಕ್ಕಳೂ ಕೇಳಿರುವುದಿಲ್ಲ. ಕಾಗದವನ್ನು ಅವರೆಲ್ಲ ಕೂಡಿ ಓದಿ, ಲೆಕ್ಕ ಹಾಕಿ, ಉತ್ತರ ಹೇಳಬಹುದು. ಬಾಯಿಮಾತಿಗೆ ಎದುರುತ್ತರ ಕೊಡಬೇಕಾದವನು ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡೇ ಕೊಡಬೇಕಾಗುತ್ತದೆ.

"ಹೊಸಬರು ಹತ್ತು ಸಾವಿರ ಕೊಡ್ತಾರ" ಎಂಬುದು ಕೊನೆಯ ವಾದ. ಕೊಟ್ಟರೂ ಕೊಡಬಹುದು. ಈ ಪ್ರಸಂಗದಲ್ಲಿ ಆದದ್ದನ್ನು ಮಾತ್ರ ಹೇಳುತ್ತೇನೆ. ಆ ಕುಟುಂಬ ಸಾಲ ಮಾಡಿ ಒಂದು ತಿಂಗಳು ಹತ್ತು ಸಾವಿರವನ್ನೇ ಕೊಟ್ಟು, ಮರುತಿಂಗಳು ರಬಕವಿಯ ಕಡೆ ಚಿಕ್ಕ ಶೆಡ್ಡಿಗೆ ಹೋಯಿತು. ಅಲ್ಲಿ ಜಾಗ ಸಾಲದೆ ಒಂದು ಮಗ್ಗವನ್ನು ಮಾರಿದರು. ಬಿಟ್ಟುಹೋದ ಮನೆಗೆ ಐದು ತಿಂಗಳು ಬೀಗ ಬಿದ್ದಿತು. ಹಳೆಯ ದರದಲ್ಲಿ ಲೆಕ್ಕ ಹಾಕಿದರೂ 20,000 ರೂಪಾಯಿ ಹೋಯಿತು. ಆಮೇಲೆ ಬಂದವರು ಒಪ್ಪಿದ್ದು 7,000ಕ್ಕೆ. ಅವರು ಮಗ್ಗದವರಲ್ಲ, ಶೆಡ್ಡಿನಲ್ಲಿ ಸಾಮಾನು ತುಂಬಿಸಿಟ್ಟಿದ್ದಾರೆ. ಬಾಡಿಗೆಯ ಪತ್ರ ಮಾಡಿಕೊಂಡಿರೇ ಎಂದು ಮೊನ್ನೆ ಮಾಲೀಕರನ್ನು ವಿಚಾರಿಸಿದೆ. "ಪರಿಚಯದವರೇ ಅದಾರ ಸರ್" ಎಂದರು.